ವೀಸಾ ಚೆಕ್‌ಲಿಸ್ಟ್ ಗೊಂದಲವಾದರೆ ಏನು ಮಾಡಬೇಕು?

ಮಗಳು ಜರ್ಮನಿಯಲ್ಲಿ ಕೆಲಸದಲ್ಲಿದ್ದಾಳೆ ಎಂದುಕೊಳ್ಳಿ. ಹಾಸನದಲ್ಲಿರುವ ಅಪ್ಪ ನಿವೃತ್ತ ಸರ್ಕಾರಿ ನೌಕರರು, ಅಮ್ಮ ಮನೆ ನೋಡಿಕೊಳ್ಳುತ್ತಾರೆ. ಎರಡು ತಿಂಗಳು ಮಗಳ ಹತ್ತಿರ ಇದ್ದು ಬರಲು ಅವರಿಗೆ ಷೆಂಗೆನ್ ವೀಸಾ, ಅಂದರೆ ಜರ್ಮನಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಅಲ್ಪಾವಧಿ ವೀಸಾ ಬೇಕು. ಅರ್ಜಿ ಜೊತೆ ಕೊಡಬೇಕಾದ ದಾಖಲೆಗಳ ಚೆಕ್‌ಲಿಸ್ಟ್ ತೆರೆದರೆ ಸಂಬಳದ ಸ್ಲಿಪ್, ಕಂಪನಿಯ ರಜೆ ಪತ್ರ ಎಂದೆಲ್ಲ ಇರುತ್ತದೆ. ಇವರಿಬ್ಬರ ಹತ್ತಿರವೂ ಅವು ಇಲ್ಲ. ಹಾಗಾದರೆ ಏನು ಕೊಡಬೇಕು?

ಮೊದಲು ಕೈಯಲ್ಲಿರುವುದು ಸರಿಯಾದ ಪಟ್ಟಿಯೇ ನೋಡಿ. ಪ್ರವಾಸ, ವ್ಯಾಪಾರ, ಸಂಬಂಧಿಕರ ಭೇಟಿ ಎಂದು ಉದ್ದೇಶಕ್ಕೊಂದು ಪಟ್ಟಿ ಇರುತ್ತದೆ. ಇವರಿಗೆ ಬೇಕಿರುವುದು ಸಂಬಂಧಿಕರ ಭೇಟಿಯ ಪಟ್ಟಿ. ಅದನ್ನು ಜರ್ಮನ್ ರಾಯಭಾರ ಕಚೇರಿಯ ವೆಬ್‌ಸೈಟ್‌ನಿಂದ, ಅಥವಾ ಅದೇ ಕಚೇರಿ ಕೊಟ್ಟಿರುವ ಲಿಂಕ್‌ನಿಂದ ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬಂದ ಹಳೆಯ ಪಿಡಿಎಫ್ ಬೇಡ. ಇಳಿಸಿಕೊಂಡ ದಿನಾಂಕವನ್ನು ಮೇಲೆ ಬರೆದಿಡಿ.

ಈಗ ಪೆನ್ನು ತೆಗೆದುಕೊಂಡು, ಬದಲಾಗದ ಸಾಲುಗಳಿಗೆ ಗುರುತು ಹಾಕಿ. ಇವು ಯುರೋಪಿಯನ್ ಒಕ್ಕೂಟದ 2009ರ ವೀಸಾ ನಿಯಮದಿಂದ ಬಂದವು. ಪಾಸ್‌ಪೋರ್ಟ್ ಕಳೆದ 10 ವರ್ಷಗಳೊಳಗೆ ಕೊಟ್ಟಿದ್ದಾಗಿರಬೇಕು, ಅದರಲ್ಲಿ ಕನಿಷ್ಠ 2 ಖಾಲಿ ಪುಟ ಇರಬೇಕು, ವಾಪಸ್ ಹೊರಡುವ ದಿನದಿಂದ ಮುಂದೆ 3 ತಿಂಗಳಾದರೂ ಅವಧಿ ಉಳಿದಿರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು, ಷೆಂಗೆನ್ ದೇಶಗಳಲ್ಲೆಲ್ಲ ನಡೆಯಬೇಕು. ಇವುಗಳಲ್ಲಿ ಚೌಕಾಸಿ ಇಲ್ಲ.

ಗೊಂದಲ ಶುರುವಾಗುವುದು ಉಳಿದ ಸಾಲುಗಳಲ್ಲಿ. 'ಸಾಕಷ್ಟು ಹಣದ ಪುರಾವೆ', 'ಊರಿನ ಜೊತೆಗಿನ ನಂಟಿನ ಪುರಾವೆ' ಅಂದರೆ ಏನು? ಅಂಥ ಪ್ರತಿ ಸಾಲಿನ ಹಿಂದೆ ಅಧಿಕಾರಿಯ ಒಂದು ಪ್ರಶ್ನೆ ಇದೆ: ಯಾಕೆ ಹೋಗುತ್ತೀರಿ, ಎಲ್ಲಿ ಇರುತ್ತೀರಿ, ಖರ್ಚು ಯಾರದು, ವಾಪಸ್ ಬರುತ್ತೀರಾ? ಸಾಲಿನ ಪಕ್ಕದಲ್ಲಿ ಆ ಪ್ರಶ್ನೆ ಬರೆಯಿರಿ. ಆಮೇಲೆ ನಿಮ್ಮ ಮನೆಯ ಯಾವ ಕಾಗದ ಅದಕ್ಕೆ ಉತ್ತರ ಕೊಡುತ್ತದೆ ಎಂದು ಹುಡುಕಿ.

ಸಂಬಳದ ಸ್ಲಿಪ್ ಕೇಳುವುದು ಆದಾಯ ಎಲ್ಲಿಂದ ಎಂದು ತಿಳಿಯಲು. ಅಪ್ಪನಿಗೆ ಅದರ ಜಾಗದಲ್ಲಿ ಪಿಂಚಣಿ ಆದೇಶದ ಪ್ರತಿ ಮತ್ತು ಪಿಂಚಣಿ ಜಮೆಯಾಗುವ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ರಜೆ ಪತ್ರ ಕೇಳುವುದು ವಾಪಸ್ ಬರಲು ಕಾರಣವಿದೆಯೇ ಎಂದು. ಅದಕ್ಕೆ ಮನೆಯ ಖಾತೆ, ಜಮೀನಿನ ಪಹಣಿ, ಊರಲ್ಲೇ ಇರುವ ಮಗನ ವಿವರ ಕೊಡಬಹುದು. ಅಮ್ಮನ ಹೆಸರಲ್ಲಿ ಆದಾಯವಿಲ್ಲದಿದ್ದರೆ ಮದುವೆ ಪ್ರಮಾಣಪತ್ರ, ಜೊತೆಗೆ ಗಂಡ ತಮ್ಮ ಆದಾಯದಿಂದ ನೋಡಿಕೊಳ್ಳುತ್ತಾರೆ ಎಂಬ ಪತ್ರ. ಮಗಳ ಸಂಬಂಧ ತೋರಿಸಲು ಅವಳ ಜನನ ಪ್ರಮಾಣಪತ್ರವೂ ಬೇಕು. ಅಲ್ಲಿ ಅಪ್ಪ ಅಮ್ಮನ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಇದೆಯೇ ನೋಡಿ. ನಮ್ಮಲ್ಲಿ ಇನಿಷಿಯಲ್ ವ್ಯತ್ಯಾಸ ಜಾಸ್ತಿ.

ಜಾಸ್ತಿ ಜನ ಎಡವುವುದು ಖರ್ಚಿನ ಸಾಲಿನಲ್ಲಿ. ಜರ್ಮನಿಯ ಪಟ್ಟಿಯಲ್ಲಿ Verpflichtungserklärung ಎಂಬ ಹೆಸರು ಕಾಣುತ್ತದೆ. ಅದು ಮಗಳು ಅಲ್ಲಿನ ವಿದೇಶಿಯರ ಕಚೇರಿಗೆ ಹೋಗಿ ಸಹಿ ಮಾಡುವ ಹೊಣೆ ಪತ್ರ. ಸಾದಾ ಆಹ್ವಾನ ಪತ್ರ ಅದರ ಬದಲಿಗೆ ನಡೆಯುವುದಿಲ್ಲ. ಅಪ್ಪ ತಮ್ಮ ಹಣದಲ್ಲೇ ಹೋಗುವುದಾದರೆ ಬೇರೆ ದಾರಿ: ಆಗ ಅವರ ಬ್ಯಾಂಕ್ ಖಾತೆಯೇ ಮುಖ್ಯ. ಯಾವ ದಾರಿ ಎಂದು ಮೊದಲೇ ತೀರ್ಮಾನಿಸಿ. ಅರ್ಜಿಯಲ್ಲಿ 'ಖರ್ಚು ನನ್ನದೇ' ಎಂದು ಗುರುತು ಹಾಕಿ, ಪತ್ರದಲ್ಲಿ 'ಎಲ್ಲ ಮಗಳೇ ನೋಡಿಕೊಳ್ಳುತ್ತಾಳೆ' ಎಂದು ಬರೆದರೆ ಅಧಿಕಾರಿ ಯಾವುದನ್ನು ನಂಬಬೇಕು?

ಕೆಲವೊಮ್ಮೆ ಪಟ್ಟಿಗಳೇ ಒಂದಕ್ಕೊಂದು ಹೊಂದುವುದಿಲ್ಲ. ಒಂದು ಕಡೆ 3 ತಿಂಗಳ ಸ್ಟೇಟ್‌ಮೆಂಟ್, ಇನ್ನೊಂದು ಕಡೆ 6 ತಿಂಗಳದ್ದು ಅಂದರೆ ಸುಮ್ನೆ 6 ತಿಂಗಳದ್ದೇ ಕೊಡಿ, ನಷ್ಟವಿಲ್ಲ. ಆದರೆ ಹೆಚ್ಚು ಕೇಳಿದ್ದನ್ನು ಮಾಡಿದರೆ ದುಡ್ಡು ಹೋಗುವುದಾದರೆ ಈ ಉಪಾಯ ಬೇಡ. ಒಂದು ಕಡೆ 'ವಿಮಾನ ಬುಕಿಂಗ್', ಇನ್ನೊಂದು ಕಡೆ 'ಟಿಕೆಟ್' ಎಂದಿದ್ದರೆ, ವೀಸಾ ನಿಯಮದ ಎರಡನೇ ಅನುಬಂಧ ನೋಡಿ. ಅಲ್ಲಿ ವಾಪಸ್ ಪ್ರಯಾಣದ ಬುಕಿಂಗ್ ಅಥವಾ ಟಿಕೆಟ್ ಎಂದಿದೆ. ವೀಸಾ ಬರುವ ಮೊದಲೇ ವಾಪಸ್ ಹಣ ಸಿಗದ ಟಿಕೆಟ್ ಕೊಳ್ಳಬೇಡಿ.

ಇಷ್ಟಾದರೂ ಬಗೆಹರಿಯದಿದ್ದರೆ ರಾಯಭಾರ ಕಚೇರಿಗೆ ಇಮೇಲ್ ಬರೆಯಿರಿ. 'ಯಾವ ದಾಖಲೆ ಬೇಕು?' ಎಂದು ಕೇಳಿದರೆ ಅದೇ ಪಟ್ಟಿಯ ಲಿಂಕ್ ವಾಪಸ್ ಬರುತ್ತದೆ. ಹೌದು, ಇಲ್ಲ ಎನ್ನುವಂಥ ಪ್ರಶ್ನೆ ಕೇಳಿ: 'ನಿಮ್ಮ ಪಟ್ಟಿಯ 8ನೇ ಸಾಲಿನಲ್ಲಿ ಸಂಬಳದ ಸ್ಲಿಪ್ ಕೇಳಿದ್ದೀರಿ. ನಾನು ನಿವೃತ್ತ. ಪಿಂಚಣಿ ಆದೇಶ ಕೊಟ್ಟರೆ ಸಾಕೇ?' ಬಂದ ಉತ್ತರವನ್ನು ಪ್ರಿಂಟ್ ತೆಗೆದು ಅರ್ಜಿ ಜೊತೆ ಇಡಿ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ ಮೊದಲು. ಹಾಗಾಗಿ ಉತ್ತರಕ್ಕೆ ಕಾಯಲು ಸಮಯ ಇಟ್ಟುಕೊಳ್ಳಿ.

ಕೊನೆಗೆ ಒಂದು ಪುಟದ ಕವರ್ ಲೆಟರ್. ಪಟ್ಟಿಯ ಕ್ರಮದಲ್ಲೇ ಬರೆಯಿರಿ: ಯಾವ ಸಾಲಿಗೆ ಯಾವ ಕಾಗದ, ಇಲ್ಲದಿದ್ದರೆ ಯಾಕಿಲ್ಲ, ಬದಲಿಗೆ ಏನು ಇಟ್ಟಿದ್ದೀರಿ. ಅರ್ಜಿ ತೆಗೆದುಕೊಳ್ಳುವ ವೀಸಾ ಕೇಂದ್ರದ ಕೌಂಟರ್‌ನಲ್ಲಿ 'ಈ ಪತ್ರ ಇಲ್ಲ' ಎಂದರೆ ಗಾಬರಿಯಾಗಬೇಡಿ. ಅವರು ಪಟ್ಟಿಗೆ ಟಿಕ್ ಹಾಕುವವರು, ವೀಸಾ ತೀರ್ಮಾನ ರಾಯಭಾರ ಕಚೇರಿಯದು. ಕವರ್ ಲೆಟರ್ ತೋರಿಸಿ, ಅದನ್ನೂ ಫೈಲಿನಲ್ಲಿ ಸೇರಿಸಲು ಹೇಳಿ. ದಾಖಲೆ ಕಡಿಮೆ ಇದೆ ಎಂಬ ಹಾಳೆಗೆ ಸಹಿ ಕೇಳಿದರೆ, ಅದರಲ್ಲಿ ಯಾವ ದಾಖಲೆಯ ಹೆಸರು ಬರೆದಿದ್ದಾರೆ ಎಂದು ಓದಿಕೊಂಡು ಸಹಿ ಹಾಕಿ.