ಕಮ್ಯುಟೇಶನ್ ಹಣದಲ್ಲಿ ತೆರಿಗೆಯಿಲ್ಲದ ಪಾಲು: ಮೂರನೇ ಒಂದು ಭಾಗವೆಂದರೆ ಯಾವುದರ ಭಾಗ?

ನಿವೃತ್ತರಾಗುವಾಗ ಪಿಂಚಣಿಯ ಒಂದು ಪಾಲನ್ನು ಬಿಟ್ಟುಕೊಟ್ಟು, ಅದಕ್ಕೆ ಬದಲಾಗಿ ಒಂದೇ ಸಲಕ್ಕೆ ಇಡಿಗಂಟನ್ನು ಪಡೆಯುವುದಕ್ಕೆ ಪಿಂಚಣಿ ಪರಿವರ್ತನೆ ಎಂದು ಹೆಸರು. ಕಚೇರಿಗಳಲ್ಲಿ ಎಲ್ಲರೂ ಅದನ್ನು ಕಮ್ಯುಟೇಶನ್ ಎಂದೇ ಕರೆಯುತ್ತಾರೆ. ಸರ್ಕಾರಿ ನೌಕರರಿಗೆ ಈ ಹಣ ಪೂರ್ತಿಯಾಗಿ ತೆರಿಗೆಮುಕ್ತ, ಉಳಿದವರಿಗೆ ಮೂರನೇ ಒಂದು ಭಾಗ ಮಾತ್ರ ಎಂಬುದು ಬಹಳ ಜನರಿಗೆ ಗೊತ್ತಿದೆ. ಆದರೆ ಆ ಮೂರನೇ ಒಂದು ಭಾಗವನ್ನು ಯಾವ ಮೊತ್ತದ ಮೇಲೆ ಲೆಕ್ಕ ಹಾಕಬೇಕು ಎಂಬಲ್ಲಿ ತಪ್ಪಾಗುತ್ತದೆ. ಆ ಒಂದು ತಪ್ಪಿನಿಂದ ತೆರಿಗೆಯೇ ಬಾರದವರು ಸಾವಿರಾರು ರೂಪಾಯಿ ಕಟ್ಟಿರುತ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಗೆ ಒಳಪಡುವ 2025-26ನೇ ಹಣಕಾಸು ವರ್ಷವನ್ನು ಇಟ್ಟುಕೊಂಡು ಈ ಲೆಕ್ಕವನ್ನು ನೋಡೋಣ.

ಮೊದಲು ಮಾಡಬೇಕಾದ ಕೆಲಸವೆಂದರೆ, ಪಿಂಚಣಿ ಕೊಡುತ್ತಿರುವವರು ಯಾರು ಎಂದು ಖಚಿತಪಡಿಸಿಕೊಳ್ಳುವುದು. ಕೇಂದ್ರ ಮತ್ತು ರಾಜ್ಯ ಸರ್ಕಾರ, ನಗರಸಭೆಯಂತಹ ಸ್ಥಳೀಯ ಸಂಸ್ಥೆ, ಸಂಸತ್ತು ಅಥವಾ ವಿಧಾನಮಂಡಲದ ಕಾಯ್ದೆಯಿಂದಲೇ ಸ್ಥಾಪನೆಯಾದ ನಿಗಮ, ಇವುಗಳ ನೌಕರರಿಗೆ ಕಮ್ಯುಟೇಶನ್ ಹಣದ ಮೇಲೆ ತೆರಿಗೆ ಇಲ್ಲವೇ ಇಲ್ಲ. ಇಲ್ಲಿ ನಮ್ಮ ಕೋಲಾರ ಜಿಲ್ಲೆಯವರು ಎಚ್ಚರ ವಹಿಸಬೇಕಾದ ಮಾತೊಂದಿದೆ. ಕೆಜಿಎಫ್‌ನಂತಹ ಊರಿನಲ್ಲಿ ಸರ್ಕಾರಿ ಸ್ವಾಮ್ಯದ ಕಾರ್ಖಾನೆಯಲ್ಲಿ ದುಡಿದವರು ತಮ್ಮನ್ನು ಸರ್ಕಾರಿ ನೌಕರರೆಂದೇ ಭಾವಿಸಿರುವುದು ಸಹಜ. ಆದರೆ ಕಂಪನಿ ಕಾಯ್ದೆಯಡಿ ನೋಂದಣಿಯಾದ ಸಂಸ್ಥೆಯ ಷೇರುಗಳೆಲ್ಲ ಸರ್ಕಾರದ ಕೈಯಲ್ಲೇ ಇದ್ದರೂ ಅದು ಕಾಯ್ದೆಯಿಂದ ಸ್ಥಾಪಿತವಾದ ನಿಗಮವಾಗುವುದಿಲ್ಲ. ಅಂಥವರಿಗೂ ನರಸಾಪುರ, ವೇಮಗಲ್‌ನ ಖಾಸಗಿ ಕಾರ್ಖಾನೆಯವರಿಗೂ ಅನ್ವಯವಾಗುವ ನಿಯಮ ಒಂದೇ. ಇನ್ನು ಪಿಂಚಣಿಯನ್ನು ಉದ್ಯೋಗದಾತರು ನೇರವಾಗಿ ಕೊಡದೆ, ಮಾನ್ಯತೆ ಪಡೆದ ಸೂಪರ್‌ಆನ್ಯುಯೇಶನ್ ನಿಧಿಯ ಮೂಲಕ ಕೊಡುತ್ತಿದ್ದರೆ ಅದಕ್ಕೆ ಬೇರೆಯೇ ಕಲಂ ಇದೆ; ಮುಂದಿನ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ.

ಎರಡನೆಯದಾಗಿ, ಗ್ರಾಚ್ಯುಟಿ ಬಂದಿದೆಯೇ ಎಂದು ನೋಡಬೇಕು. ಬಂದಿದ್ದರೆ ಪಿಂಚಣಿಯ ಪೂರ್ಣ ಪರಿವರ್ತಿತ ಮೌಲ್ಯದ ಮೂರನೇ ಒಂದು ಭಾಗಕ್ಕೆ ವಿನಾಯಿತಿ ಸಿಗುತ್ತದೆ, ಬಾರದಿದ್ದರೆ ಅರ್ಧ ಭಾಗಕ್ಕೆ. ‘ಪೂರ್ಣ ಪರಿವರ್ತಿತ ಮೌಲ್ಯ’ ಎಂಬ ಮಾತಿನಲ್ಲಿಯೇ ಎಲ್ಲವೂ ಇದೆ. ನೌಕರರು ಒಂದು ಪಾಲನ್ನು ಮಾತ್ರ ಬಿಟ್ಟುಕೊಟ್ಟಿದ್ದರೂ, ಇಡೀ ಪಿಂಚಣಿಯನ್ನು ಬಿಟ್ಟುಕೊಟ್ಟಿದ್ದರೆ ಎಷ್ಟು ಹಣ ಬರುತ್ತಿತ್ತೋ ಆ ಮೊತ್ತದ ಮೇಲೆ ಕಾನೂನು ವಿನಾಯಿತಿಯನ್ನು ಅಳೆಯುತ್ತದೆ. ಕೈಗೆ ಬಂದ ಹಣವನ್ನು ಮೂರರಿಂದ ಭಾಗಿಸಿದರೆ ಅದು ಕಾನೂನು ಹೇಳುವ ಲೆಕ್ಕವಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಕೋಲಾರದಲ್ಲಿ ನೆಲೆಸಿರುವ ಒಬ್ಬರು 2025ರ ಜೂನ್ 30ರಂದು ಕಂಪನಿಯೊಂದರಿಂದ ನಿವೃತ್ತರಾದರು. ಅವರಿಗೆ ನಿಗದಿಯಾದ ಪಿಂಚಣಿ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಶೇಕಡ 40ನ್ನು, ಅಂದರೆ 12,000 ರೂಪಾಯಿಯನ್ನು ಬಿಟ್ಟುಕೊಟ್ಟು 12 ಲಕ್ಷ ರೂಪಾಯಿ ಇಡಿಗಂಟು ಪಡೆದರು. ಗ್ರಾಚ್ಯುಟಿಯೂ ಬಂದಿದೆ. ಶೇಕಡ 40ಕ್ಕೆ 12 ಲಕ್ಷವಾದರೆ ನೂರಕ್ಕೆ ಎಷ್ಟು?

```
12,00,000 × 100 ÷ 40 = 30,00,000
30,00,000 ÷ 3 = 10,00,000
12,00,000 − 10,00,000 = 2,00,000
```

ಹತ್ತು ಲಕ್ಷಕ್ಕೆ ವಿನಾಯಿತಿ, ಎರಡು ಲಕ್ಷ ಮಾತ್ರ ತೆರಿಗೆಗೆ ಒಳಪಡುವ ಆದಾಯ. ಇವರಿಗೇ ಗ್ರಾಚ್ಯುಟಿ ಬಂದಿರದಿದ್ದರೆ ಮಿತಿ 15 ಲಕ್ಷಕ್ಕೆ ಏರಿ, ಪಡೆದ 12 ಲಕ್ಷವೂ ತೆರಿಗೆಯಿಂದ ಪಾರಾಗುತ್ತಿತ್ತು. ಪಡೆದುದಕ್ಕಿಂತ ಹೆಚ್ಚಿನ ವಿನಾಯಿತಿಯಂತೂ ಇರುವುದಿಲ್ಲ.

ಉಳಿದ ಆದಾಯವನ್ನು ಈಗ ಕೂಡಿಸೋಣ. ನಿವೃತ್ತಿಗೆ ಮುಂಚಿನ ಮೂರು ತಿಂಗಳ ಸಂಬಳ 2,70,000. ಜುಲೈನಿಂದ ಮಾರ್ಚ್‌ವರೆಗೆ ತಿಂಗಳಿಗೆ 18,000ದಂತೆ ಒಂಬತ್ತು ತಿಂಗಳ ಪಿಂಚಣಿ 1,62,000. ತಿಂಗಳ ಪಿಂಚಣಿಗೆ ಸಾಮಾನ್ಯವಾಗಿ ವಿನಾಯಿತಿ ಇಲ್ಲ, ಅದು ಸಂಬಳದ ಶೀರ್ಷಿಕೆಯಡಿಯೇ ಬರುತ್ತದೆ. ಆದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ಕಡಿತವಾದ ಮೇಲಿನ 18,000ವೇ ಹೊರತು ಮೂಲದ 30,000 ಅಲ್ಲ. ಕಮ್ಯುಟೇಶನ್‌ನ ಎರಡು ಲಕ್ಷ ಸೇರಿಸಿದರೆ 6,32,000. ಹೊಸ ಪದ್ಧತಿಯಲ್ಲಿ ಸಂಬಳ ಮತ್ತು ಪಿಂಚಣಿಗೆ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 5,57,000. ಠೇವಣಿ ಬಡ್ಡಿ 1,50,000 ಬಂದಿದೆ ಎಂದುಕೊಂಡರೆ ಒಟ್ಟು 7,07,000. ಇದು 12 ಲಕ್ಷದೊಳಗೇ ಇರುವುದರಿಂದ ರಿಯಾಯಿತಿಯ ಫಲವಾಗಿ ತೆರಿಗೆ ಸೊನ್ನೆ.

ಇದೇ ವ್ಯಕ್ತಿ ಕೈಗೆ ಬಂದ 12 ಲಕ್ಷದ ಮೂರನೇ ಒಂದು ಭಾಗವಾದ ನಾಲ್ಕು ಲಕ್ಷಕ್ಕೆ ಮಾತ್ರ ವಿನಾಯಿತಿ ಕೇಳಿದ್ದರೆ ಆದಾಯ ಆರು ಲಕ್ಷ ಹೆಚ್ಚಿ 13,07,000 ಆಗುತ್ತಿತ್ತು. ಆಗ ರಿಯಾಯಿತಿ ಕೈತಪ್ಪಿ, ಸೆಸ್ ಸೇರಿ 79,092 ರೂಪಾಯಿ ತೆರಿಗೆ ಬೀಳುತ್ತಿತ್ತು. ಒಂದು ಭಾಗಾಕಾರದ ತಪ್ಪಿಗೆ ಇಷ್ಟು ದೊಡ್ಡ ಬೆಲೆ ತೆರುವುದನ್ನು ನೆನೆದರೆ ಮನಸ್ಸಿಗೆ ಬೇಸರವಾಗುತ್ತದೆ.

ತಪ್ಪಾಗಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಉದ್ಯೋಗದಾತರು ಕೊಡುವ ಫಾರಂ 16ರ ‘ಬಿ’ ಭಾಗದಲ್ಲಿ 10(10A) ಕಲಂನ ಎದುರು ಇರುವ ಮೊತ್ತವನ್ನು ನೋಡಿ, ಕಮ್ಯುಟೇಶನ್ ಮಂಜೂರಾತಿ ಪತ್ರದಲ್ಲಿರುವ ಶೇಕಡಾವಾರಿನೊಂದಿಗೆ ಮೇಲಿನಂತೆ ತಾಳೆ ಹಾಕಿದರೆ ಸಾಕು. ಅಲ್ಲಿ ಕಡಿಮೆ ತೋರಿಸಿದ್ದರೂ ರಿಟರ್ನ್ ಸಲ್ಲಿಸುವಾಗ ಸರಿಯಾದ ಮೊತ್ತವನ್ನು ನೀವೇ ಕೇಳಬಹುದು. ಇಡಿಗಂಟನ್ನು ಪೂರ್ತಿಯಾಗಿ ಸಂಬಳದಲ್ಲಿ ತೋರಿಸಿ, ವಿನಾಯಿತಿಗಳ ಪಟ್ಟಿಯಲ್ಲಿ 10(10A) ಆಯ್ದು ವಿನಾಯಿತಿಯ ಮೊತ್ತವನ್ನು, ಮೇಲಿನ ಉದಾಹರಣೆಯಲ್ಲಾದರೆ ಹತ್ತು ಲಕ್ಷವನ್ನು, ನಮೂದಿಸಬೇಕು. ಹೊಸ ಪದ್ಧತಿಯಲ್ಲಿಯೂ ಈ ವಿನಾಯಿತಿ ಉಳಿದಿದೆ. ಮಂಜೂರಾತಿ ಪತ್ರವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಬೇಕು, ಏಕೆಂದರೆ ಇಲಾಖೆ ಪ್ರಶ್ನಿಸಿದರೆ ಶೇಕಡಾವಾರನ್ನು ತೋರಿಸುವ ದಾಖಲೆ ಅದೇ.

ಪಿಂಚಣಿದಾರರು ತೀರಿಕೊಂಡ ಮೇಲೆ ಪತ್ನಿಗೋ ಪತಿಗೋ ಬರುವ ಕುಟುಂಬ ಪಿಂಚಣಿಯ ಸ್ವರೂಪವೇ ಬೇರೆ. ಅದನ್ನು ಪಡೆಯುವವರು ಅಲ್ಲಿ ಕೆಲಸ ಮಾಡಿದವರಲ್ಲವಾದ್ದರಿಂದ ಅದು ಸಂಬಳವಲ್ಲ, ‘ಇತರೆ ಮೂಲಗಳ ಆದಾಯ’. ಹೀಗಾಗಿ 75,000ದ ಕಡಿತ ಅದಕ್ಕೆ ಇಲ್ಲ. ಬದಲಿಗೆ ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಹೊಸ ಪದ್ಧತಿಯಲ್ಲಿ ಕಳೆಯಬಹುದು. ಹಳೆಯ ಪದ್ಧತಿಯಲ್ಲಿ ಆ ಮಿತಿ 15,000. ಮಾಲೂರಿನ ಒಬ್ಬ ತಾಯಿಗೆ ತಿಂಗಳಿಗೆ 18,000ದಂತೆ ವರ್ಷಕ್ಕೆ 2,16,000 ಬಂದರೆ ಮೂರನೇ ಒಂದು ಭಾಗ 72,000 ಆದರೂ ಕಳೆಯಲು ಸಿಗುವುದು 25,000 ಮಾತ್ರ, ಉಳಿದ 1,91,000 ಆದಾಯವೆನಿಸುತ್ತದೆ. ಕಾರ್ಯಾಚರಣೆಯಲ್ಲಿ ಮಡಿದ ಸೈನಿಕರ ಪತ್ನಿ ಮತ್ತು ಮಕ್ಕಳಿಗೆ ಬರುವ ಕುಟುಂಬ ಪಿಂಚಣಿಗೆ ಪೂರ್ಣ ವಿನಾಯಿತಿ ಇದೆ.

ಕುಟುಂಬ ಪಿಂಚಣಿ ಸಂಬಳವಲ್ಲದ ಕಾರಣ ಬ್ಯಾಂಕು ಅದರಿಂದ ಸಂಬಳದ ಟಿಡಿಎಸ್ ಕಡಿತ ಮಾಡುವುದಿಲ್ಲ. ಕಡಿತವಾಗಿಲ್ಲವೆಂದ ಮಾತ್ರಕ್ಕೆ ತೆರಿಗೆ ಇಲ್ಲವೆಂದು ತಿಳಿಯಬಾರದು. ಬಾಡಿಗೆ, ಬಡ್ಡಿ ಸೇರಿ ಆದಾಯ ಮಿತಿ ಮೀರಿದರೆ ತಾವೇ ಕಟ್ಟಬೇಕಾಗುತ್ತದೆ. ಸಾವು ಸಂಭವಿಸಿದ ವರ್ಷದಲ್ಲಿ ಎರಡು ಲೆಕ್ಕಗಳಿರುತ್ತವೆ. ತೀರಿಕೊಂಡ ದಿನದವರೆಗಿನ ಪಿಂಚಣಿಯನ್ನು ಅವರ ಪ್ಯಾನ್‌ನಲ್ಲಿ, ವಾರಸುದಾರರು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಕಾನೂನುಬದ್ಧ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ತೋರಿಸಬೇಕು, ಅದರಲ್ಲಿ 75,000ದ ಕಡಿತವೂ ಸಿಗುತ್ತದೆ. ಮರುದಿನದಿಂದ ಬಂದ ಕುಟುಂಬ ಪಿಂಚಣಿಯನ್ನು ಪತ್ನಿ ತನ್ನ ಪ್ಯಾನ್‌ನಲ್ಲಿ ತೋರಿಸಬೇಕು. ಹಣ ಜಮೆಯಾಗುವ ಖಾತೆ ಜಂಟಿಯಾಗಿ ಒಂದೇ ಇದ್ದರೂ ಪಾಸ್‌ಬುಕ್ಕಿನಲ್ಲಿ ಆ ದಿನಾಂಕದ ಬಳಿ ಒಂದು ಗೆರೆ ಎಳೆದು ಎರಡನ್ನೂ ಬೇರ್ಪಡಿಸಿಕೊಂಡ ಬಳಿಕವೇ ರಿಟರ್ನ್ ತುಂಬಲು ಕೂರಬೇಕು.