4:3 ಸ್ಲೈಡಿಗೆ ವಾಪಸ್ ಬಂದೆ, ಮಕ್ಕಳಿಗೆ ಒತ್ತಕ್ಷರ ಕಾಣಿಸಿತು: ನನ್ನ ಅನುಭವ

"ಸರ್, ಅದು ದನಾನಾ, ಧನಾನಾ?"

ಅಲ್ಪಪ್ರಾಣ, ಮಹಾಪ್ರಾಣ ಪಾಠ ಮಾಡುವಾಗಲೇ ಈ ಪ್ರಶ್ನೆ ಬಂದರೆ ಹೇಗಿರುತ್ತೆ ಹೇಳಿ. ನಾನು ಸ್ಪರ್ಧಾತ್ಮಕ ಪರೀಕ್ಷೆಯವರಿಗೆ ಕನ್ನಡ ವ್ಯಾಕರಣ ಹೇಳಿಕೊಡುವವನು. ಸಂಜೆ ಏಳಕ್ಕೆ Zoom ಕ್ಲಾಸು, ಅರವತ್ತು ಅರವತ್ತೈದು ಜನ ಇರುತ್ತಾರೆ, ಅದರಲ್ಲಿ ಐವತ್ತು ಜನ ಫೋನಲ್ಲೇ ನೋಡುವವರು. ನನ್ನ ಪರದೆಯಲ್ಲಿ ಧಕಾರದ ಸೀಳು ಚೆನ್ನಾಗೇ ಕಾಣುತ್ತಿತ್ತು. ಅವರಿಗೆ ಕಾಣುತ್ತಿರಲಿಲ್ಲ.

ಮೊದಲು ಮಾಡಿದ್ದು ದುಡ್ಡು ಸುರಿಯುವ ಕೆಲಸ. ನನ್ನ ಮಾನಿಟರ್ ಹಳೇದು, ಅದಕ್ಕೇ ಹೀಗೆ ಅಂದುಕೊಂಡು 27 ಇಂಚಿನ 4ಕೆ ತಂದೆ, ಹತ್ತಿರ ಹತ್ತಿರ 24 ಸಾವಿರ ಆಯಿತು. ಏನೂ ಬದಲಾಗಲಿಲ್ಲ. ಬದಲಾಗುವುದಾದರೂ ಹೇಗೆ? ಸ್ಲೈಡು ಪೂರ್ತಿ ಪರದೆ ತುಂಬಿದಾಗ ಅಕ್ಷರ ಸ್ಲೈಡಿನ ಎಷ್ಟನೇ ಒಂದು ಭಾಗವೋ ಅಷ್ಟೇ ಇರುತ್ತೆ, ಮಾನಿಟರ್ ಯಾವುದಾದರೇನು. ಸಾಲದ್ದಕ್ಕೆ ಕಳಿಸಬೇಕಾದ ಪಿಕ್ಸೆಲ್ ಜಾಸ್ತಿಯಾಗಿ, ನೆಟ್ ಸರಿಯಿಲ್ಲದ ಹುಡುಗರಿಗೆ ಸ್ಲೈಡು ಬದಲಾದ ಮೇಲೆ ಮೂರು ನಾಲ್ಕು ಸೆಕೆಂಡು ಮಸುಕು. ಬ್ರಾಡ್‌ಬ್ಯಾಂಡ್ ಪ್ಲಾನನ್ನೂ ದೊಡ್ಡದು ಮಾಡಿಸಿದೆ. ಅಡ್ಡಿ ಇದ್ದದ್ದು ಅವರ ಮೊಬೈಲ್ ಡೇಟಾದಲ್ಲಿ, ನನ್ನ ಮನೆಯಲ್ಲಲ್ಲ. ಎಂಟು ತಿಂಗಳಾದ ಮೇಲೆ ಮಾನಿಟರನ್ನು 15 ಸಾವಿರಕ್ಕೋ ಏನೋ ಮಾರಿದೆ. ಮನೆಯಲ್ಲಿ ಇವತ್ತಿಗೂ ಆ ವಿಷಯ ತೆಗೆಯುವ ಹಾಗಿಲ್ಲ.

ಆಮೇಲೆ ಬುದ್ಧಿ ಬಂತು. ಇನ್ನೊಂದು ಫೋನಿಂದ, ವೈಫೈ ಆರಿಸಿ, ನನ್ನ ಕ್ಲಾಸಿಗೆ ನಾನೇ ಸೇರಿಕೊಂಡೆ. ಮೈಕು, ಸ್ಪೀಕರು ಎರಡೂ ಬಂದ್, ಇಲ್ಲದಿದ್ದರೆ ಕೂಗುತ್ತೆ. ಮಗನ ಜಾಮೆಟ್ರಿ ಬಾಕ್ಸಿನಿಂದ ಸ್ಟೀಲ್ ಸ್ಕೇಲು ತಂದು ಫೋನಿನ ಮೇಲೆ ಇಟ್ಟೆ. ನಿಲ್ಲಿಸಿ ಹಿಡಿದ ಫೋನಿನ ಅಗಲ 6.8 ಸೆಂಟಿಮೀಟರ್. 16:9 ಸ್ಲೈಡು ಅದರಲ್ಲಿ ಕೂತಾಗ ಎತ್ತರ 3.8 ಅಷ್ಟೇ. ಪವರ್‌ಪಾಯಿಂಟ್ ಸ್ಲೈಡಿನ ಎತ್ತರ 7.5 ಇಂಚು, ಅಂದರೆ 540 ಪಾಯಿಂಟು. ನಾನು ಇಡುತ್ತಿದ್ದದ್ದು 24 ಪಾಯಿಂಟು. ಲೆಕ್ಕ ಹಾಕಿದರೆ ಫೋನಿನಲ್ಲಿ 1.7 ಮಿಲಿಮೀಟರ್! ಕನ್ನಡದಲ್ಲಿ ಅಷ್ಟರೊಳಗೇ ಮೇಲಿನ ಗುಡಿಸೂ ಕೆಳಗಿನ ಒತ್ತೂ ಬರಬೇಕು, ಹಾಗಾಗಿ ಅಕ್ಷರಕ್ಕೆ ಉಳಿಯುವುದು ಒಂದು ಮಿಲಿಮೀಟರಿನ ಆಸುಪಾಸು. ಬ, ಭ ಎಲ್ಲಿ ಬೇರೆ ಕಾಣಬೇಕು?

"ಫೋನು ಅಡ್ಡ ತಿರುಗಿಸಿ ಅನ್ನಿ ಸಾರ್" ಅಂತ ನೀವು ಹೇಳುತ್ತೀರಿ. ನಾನೂ ಆರು ತಿಂಗಳು ಅಂದೆ. ಫೋನನ್ನು ನೀರಿನ ಬಾಟ್ಲಿಗೆ ಒರಗಿಸಿ, ತೊಡೆ ಮೇಲೆ ನೋಟ್ಸು ಇಟ್ಟುಕೊಂಡು, ಚಾಟಿನಲ್ಲಿ ಉತ್ತರ ಹಾಕುವ ಹುಡುಗ ಫೋನು ತಿರುಗಿಸಲ್ಲ. ಬಿಡಿ.

ಹಾಗಾದರೆ ಸ್ಲೈಡನ್ನೇ ಫೋನಿನ ಆಕಾರಕ್ಕೆ ತರೋಣ ಅಂತ ಮೊದಲು 9:16 ಮಾಡಿದೆ, ಪೂರ್ತಿ ಉದ್ದುದ್ದ. ಫೋನಲ್ಲಿ ಏನು ಚಂದ ಅಂತೀರಿ! ಆದರೆ ನನ್ನ ಲ್ಯಾಪ್‌ಟಾಪು 1920×1080. ಎತ್ತರ 1080 ಇದ್ದರೆ ಅಗಲಕ್ಕೆ 607 ಪಿಕ್ಸೆಲ್ ಮಾತ್ರ ಸಿಗುತ್ತೆ, ಅಂಚೆಲ್ಲ ಒರಟು. ವಿಂಡೋಸಿನಲ್ಲಿ ಪರದೆಯನ್ನೇ Portrait ಮಾಡಿ, ಲ್ಯಾಪ್‌ಟಾಪನ್ನು ಪುಸ್ತಕದ ಹಾಗೆ ಪಕ್ಕಕ್ಕೆ ನಿಲ್ಲಿಸಿ ಎರಡು ಕ್ಲಾಸು ಮಾಡಿದೆ. ಮೌಸು ಎತ್ತ ಹೋಗುತ್ತೆ ಅಂತ ತಿಳಿಯದೆ ನಗೆಪಾಟಲಾದೆ. ಕಂಪ್ಯೂಟರಲ್ಲಿ ನೋಡುವ ಹತ್ತು ಹನ್ನೆರಡು ಜನರಿಗೆ ಮಧ್ಯದಲ್ಲಿ ಒಂದು ಪಟ್ಟಿ, ಎರಡೂ ಕಡೆ ಕತ್ತಲು.

ಕೊನೆಗೆ ಕೈಹಿಡಿದದ್ದು ಹಳೇ 4:3. ಅದೇ 6.8 ಸೆಂಟಿಮೀಟರ್ ಅಗಲಕ್ಕೆ 5.1 ಎತ್ತರ ಬರುತ್ತೆ. ಪಾಯಿಂಟು ಒಂದೂ ಏರಿಸದೆ ಅಕ್ಷರ ಮೂರನೇ ಒಂದು ಭಾಗ ದೊಡ್ಡದಾಯಿತು. 32 ಪಾಯಿಂಟಿಗೆ ಏರಿಸಿದ ಮೇಲೆ 3 ಮಿಲಿಮೀಟರ್. ಕಂಪ್ಯೂಟರಿನವರಿಗೂ ನಷ್ಟವಿಲ್ಲ, ಅವರಿಗೆ ಪಕ್ಕದ ಜಾಗ ಮಾತ್ರ ಖಾಲಿ. ನಮ್ಮ ಮೇಷ್ಟ್ರುಗಳ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬರು "ಏನ್ ಸಾರ್, ದೂರದರ್ಶನ ಕಾಲಕ್ಕೆ ಹೋದ್ರಾ" ಅಂತ ನಕ್ಕರು.

ಮೊದಲ ದಿನ ಅವರೇ ಸರಿ ಅನ್ನಿಸಿತು. 4:3 ಮಾಡಿ ಎಂದಿನಂತೆ ಎಫ್5 ಒತ್ತಿ ಪೂರ್ತಿ ಪರದೆ ಶೇರ್ ಮಾಡಿದರೆ ಫೋನಿನಲ್ಲಿ ಅಕ್ಷರ ಒಂಚೂರೂ ದೊಡ್ಡದಾಗಿಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ನೋಡಿದರೆ ಸ್ಲೈಡಿನ ಎರಡೂ ಬದಿ ಕಪ್ಪು ಪಟ್ಟಿ ಇದೆ, ಆ ಪಟ್ಟಿಯೂ ಸೇರಿ 16:9 ಆಗೇ ಹೋಗುತ್ತಿದೆ! ಹೆಚ್ಚಿನವರು 4:3 ಕೈಬಿಡುವುದು ಇಲ್ಲೇ ಇರಬೇಕು. ದಾರಿ ಇದು: Set Up Slide Show ಒಳಗೆ Browsed by an individual ಆರಿಸಿ. ಸ್ಲೈಡು ಕಿಟಕಿಯಲ್ಲಿ ಓಡುತ್ತೆ. ಕಿಟಕಿಯ ಅಂಚು ಎಳೆದು ಪಕ್ಕದ ಕಪ್ಪೆಲ್ಲ ಹೋಗುವ ಹಾಗೆ ಮಾಡಿ, ಆ ಕಿಟಕಿಯನ್ನು ಮಾತ್ರ ಶೇರ್ ಮಾಡಿ. ನನ್ನದು ಸುಮಾರು 1200×900ಕ್ಕೆ ನಿಲ್ಲುತ್ತೆ, ಸಾಕು. ಮೇಲಿನ ಟೈಟಲ್ ಪಟ್ಟಿ ಬೇಡವಾದರೆ Zoom ನಲ್ಲಿ Portion of Screen ಇದೆ, ಚೌಕಟ್ಟನ್ನು ಸ್ಲೈಡಿನ ಅಂಚಿಗೆ ಕೂರಿಸಬೇಕು. ಪವರ್‌ಪಾಯಿಂಟಿನ ಪೆನ್ನು ಇದರಲ್ಲಿ ಸಿಗಲ್ಲ, ನಾನು Annotate ನಲ್ಲಿ ಗೀಚುತ್ತೇನೆ.

ಒಂದು ದಿನ ಇದೆಲ್ಲ ಸರಿಯಿದ್ದೂ ಅಕ್ಷರ ಮಂಜು ಮಂಜು. ಹಿಂದಿನ ದಿನ ಒಂದು ವಿಡಿಯೊ ತೋರಿಸಲು Optimize for video clip ಗುರುತು ಹಾಕಿದ್ದೆ, ತೆಗೆದಿರಲಿಲ್ಲ. ಅದು ಚಲನೆ ನಯವಾಗಿರಲಿ ಅಂತ ಅಕ್ಷರದ ಚೂಪನ್ನು ಬಿಟ್ಟುಕೊಡುತ್ತೆ. ಸ್ಲೈಡು ಬದಲಾದ ಮೇಲೆ ಮಸುಕು ತಾನಾಗಿ ತಿಳಿಯಾಗದೆ ಹಾಗೇ ಉಳಿದರೆ ಮೊದಲು ಆ ಗುರುತು ನೋಡಿ.

ಬಣ್ಣದ ವಿಷಯಕ್ಕೂ ಪೆಟ್ಟು ತಿಂದಿದ್ದೇನೆ. ನೀಲಿ ಹಿನ್ನೆಲೆಗೆ ಕೆಂಪು ಅಕ್ಷರ ಇಟ್ಟು ಸಂಧಿಕಾರ್ಯ ತೋರಿಸುತ್ತಿದ್ದೆ. ವಿಡಿಯೊ ಕಾಲ್‌ನಲ್ಲಿ ಬಣ್ಣದ ವಿವರ ಸಾಮಾನ್ಯವಾಗಿ ಅಗಲಕ್ಕೂ ಎತ್ತರಕ್ಕೂ ಅರ್ಧ ಮಾತ್ರ ಹೋಗುತ್ತೆ, ಬೆಳಕು ಕತ್ತಲಿನ ವಿವರ ಪೂರ್ತಿ ಹೋಗುತ್ತೆ. ಹಾಗಾಗಿ ಕೆಂಪು ನೀಲಿಯ ನಡುವೆ ಅಂಚೇ ಕಲಸಿಹೋಗುತ್ತೆ. ಈಗ ತಿಳಿ ಕೆನೆ ಬಣ್ಣದ ಮೇಲೆ ಕಪ್ಪು. ಒತ್ತಿ ಹೇಳಬೇಕಾದ ಅಕ್ಷರದ ಹಿಂದೆ ಹಳದಿ ಬಳಿಯುತ್ತೇನೆ, ಅಕ್ಷರಕ್ಕೆ ಬಣ್ಣ ಹಚ್ಚಲ್ಲ. ನನ್ನ ಹಳದಿ ಯಾವುದು ಅಂತ ಕೇಳಬೇಡಿ, ಹದಿನೈದು ಬಣ್ಣ ಹಚ್ಚಿ ಅಳಿಸಿ ಹಿಡಿದದ್ದು ಅದು!

ಫಾಂಟು ತುಂಗಾ ಬಿಟ್ಟು ನೋಟೊ ಸಾನ್ಸ್ ಕನ್ನಡಕ್ಕೆ ಬಂದೆ, ಅದೇ ಪಾಯಿಂಟಿನಲ್ಲಿ ದೊಡ್ಡದಾಗಿ ಕಾಣುತ್ತೆ. ಸಾಲಿನ ಅಂತರ 0.9 ಇತ್ತು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿತ್ತು. 1.2 ಮಾಡಿದೆ.

ಹೊರೆ ಇಲ್ಲ ಅಂತಲ್ಲ. ಒಂದು ಸ್ಲೈಡಿಗೆ ಆರೇಳು ಸಾಲು ಹಿಡಿದರೆ ಹೆಚ್ಚು. ಸಮಾಸದ ಐದು ಕಾಲಮ್ಮಿನ ಕೋಷ್ಟಕ ಕೂರುವುದೇ ಇಲ್ಲ, ಸಮಾಸ ಒಂದೊಂದಕ್ಕೂ ಬೇರೆ ಸ್ಲೈಡು ಮಾಡಿದೆ. ನಲವತ್ತು ಸ್ಲೈಡಿನ ಪಾಠ ಎಪ್ಪತ್ತು ದಾಟಿತು, ಹಳೇ ಫೈಲುಗಳನ್ನೆಲ್ಲ ಒಡೆದು ಕಟ್ಟಲು ಒಂದು ಬೇಸಿಗೆ ರಜೆ ಹೋಯಿತು. ದೂರದರ್ಶನ ಅಂತ ನಕ್ಕವರು ಹೋದ ತಿಂಗಳು ಫೋನ್ ಮಾಡಿ ಟೆಂಪ್ಲೇಟ್ ಕೇಳಿದರು. ಅಳತೆಯೆಲ್ಲ ಹೇಳಿದೆ, ಫೈಲು ಕೊಟ್ಟಿಲ್ಲ.