ಹಸು ಎಲ್ಲಿದೆ ಅಂತ ಮೊದಲು ನೋಡಿ: ತೋಟದೊಳಗಿನ ಒಂದು ತುರುಗೋಳ್ ಕಲ್ಲು ಓದಿದ ಅನುಭವ

ಶನಿವಾರಸಂತೆ ಕಡೆಯ ಒಂದು ಕಾಫಿ ತೋಟದಲ್ಲಿ ಈ ಕಲ್ಲು ಇದೆ. ತೋಟದ ರೈಟರ್ ಒಂದು ದಿನ ಫೋನ್ ಮಾಡಿ, "ಸಾರ್, ಸಿಲ್ವರ್ ಮರದ ಪಕ್ಕ ಬೊಂಬೆ ಕೆತ್ತಿರೋ ಕಲ್ಲೊಂದು ನಿಂತಿದೆ, ನೀವು ನೋಡ್ತೀರಲ್ಲ ಅಂಥದ್ದೇ" ಅಂದರು. ಉತ್ತರ ಕೊಡಗಿನಲ್ಲಿ ಇಂಥ ಫೋನ್ ಬರುವುದು ಅಪರೂಪವೇನಲ್ಲ. ಸೋಮವಾರಪೇಟೆ, ಕೊಡ್ಲಿಪೇಟೆ ಸುತ್ತ ಗದ್ದೆ ಬದುವಿನಲ್ಲಿ, ದೇವಸ್ಥಾನದ ಹಿಂದೆ, ಕೆರೆ ಏರಿಯ ಮೇಲೆ ವೀರಗಲ್ಲುಗಳು ಸಿಗುತ್ತವೆ. ಶಾಸನತಜ್ಞ ಬಿ.ಎಲ್. ರೈಸ್ ಅವರು ಕೊಡಗಿನ ಶಾಸನಗಳನ್ನು 1886ರಲ್ಲಿ ಮೊದಲು ಅಚ್ಚು ಹಾಕಿಸಿದರು. 1914ರಲ್ಲೂ 1972ರಲ್ಲೂ ಅದು ಪರಿಷ್ಕರಣೆಯಾಗಿ ಬಂತು. ಹಾಗಾಗಿ ಹೊಸ ಕಲ್ಲು ಕಂಡಾಗ ನನ್ನ ಮೊದಲ ಕೆಲಸ ಆ ಸಂಪುಟ ತಿರುವಿ, ಇದು ಆಗಲೇ ದಾಖಲಾಗಿದೆಯಾ ಅಂತ ನೋಡುವುದು. ಅದರಲ್ಲಿ ಈ ಕಲ್ಲು ಸಿಗಲಿಲ್ಲ.

ನಾನು ಹೋದದ್ದು ಫೆಬ್ರವರಿ ಕೊನೆಗೆ. ಹೂಮಳೆ ಇನ್ನೂ ಬಿದ್ದಿರಲಿಲ್ಲ. ಕೊಡಗಿನಲ್ಲಿ ಕಲ್ಲು ಓದಬೇಕಾದರೆ ಆ ಸಮಯವೇ ಸರಿ. ಮಳೆಗಾಲದಲ್ಲಿ ಜಿಗಣೆ ಒಂದು ಕಡೆ, ಪಾಚಿ ಇನ್ನೊಂದು ಕಡೆ. ಬೇಸಿಗೆಯ ಹೊತ್ತಿಗೆ ಪಾಚಿ ಒಣಗಿ ತಾನಾಗಿಯೇ ಸಡಿಲವಾಗಿರುತ್ತದೆ.

ಕಲ್ಲು ನೆಲದ ಮೇಲೆ ಸುಮಾರು ನಾಲ್ಕಡಿ ಕಾಣುತ್ತಿತ್ತು. ಅಗಲ ಎರಡೂವರೆ ಅಡಿ. ಎರಡು ಅಂಕಣ ಕಾಣುತ್ತಿದ್ದವು. ಮೇಲಿನದರಲ್ಲಿ ಶಿವಲಿಂಗ, ಒಬ್ಬ ಪೂಜಾರಿ, ಕೈಮುಗಿದು ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಅದರ ಕೆಳಗೆ ಇಬ್ಬರು ಅಪ್ಸರೆಯರು ವೀರನ ತೋಳು ಹಿಡಿದು ಮೇಲಕ್ಕೆ ಕರೆದೊಯ್ಯುತ್ತಿದ್ದಾರೆ. ಅಷ್ಟೇ.

ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ಸ್ವರ್ಗದ ದಾರಿ, ಮೇಲೆ ಕೈಲಾಸ. ಜೈನನ ಕಲ್ಲಾದರೆ ಲಿಂಗದ ಜಾಗದಲ್ಲಿ ಜಿನ ಕೂತಿರಬಹುದು. ಮೇಲಿನ ಎರಡು ಅಂಕಣ ಕಲ್ಲಿನಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ಆತ ಯಾಕೆ ಸತ್ತ ಅನ್ನುವುದು ಕೆಳಗಿನ ಅಂಕಣದಲ್ಲೇ ಇರುತ್ತದೆ. ದನ ಇದ್ದರೆ ತುರುಗೋಳ್, ಅಂದರೆ ದನ ಹಿಡಿದ ಗಲಾಟೆ. ಹೆಂಗಸರ ಮಾನ ಕಾಯಲು ಹೋಗಿ ಸತ್ತದ್ದಾದರೆ ಪೆಣ್ಬುಯ್ಯಲ್. ಊರಿಗೇ ನುಗ್ಗಿ ಹಾಳು ಮಾಡಿದ್ದಾದರೆ ಊರಳಿವು. ನಮ್ಮ ಕಲ್ಲಿನಲ್ಲಿ ಆ ಅಂಕಣವೇ ಮಣ್ಣಿನೊಳಗಿತ್ತು.

ಇಲ್ಲಿ ನನ್ನ ಹಳೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ಈ ಹುಚ್ಚು ಶುರುವಾದ ಮೊದಲ ವರ್ಷ ಒಂದು ಕಲ್ಲಿನ ಮೇಲೆ ಹಸು ಕರು ಕಂಡು, "ತುರುಗೋಳ್ ಕಲ್ಲು ಸಿಕ್ತು" ಅಂತ ಸ್ನೇಹಿತರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಹಿರಿಯರೊಬ್ಬರು ಫೋಟೋ ನೋಡಿ, "ಹಸು ಎಲ್ಲಿದೆ ನೋಡಿದ್ರಾ? ತುದಿಯಲ್ಲಿ, ಸೂರ್ಯ ಚಂದ್ರರ ಜೊತೆ. ಕರು ಹಾಲು ಕುಡೀತಿದೆ. ಇದು ದಾನಶಾಸನ ಕಣಪ್ಪ" ಅಂದರು. ದಾನದ ಕಲ್ಲಿನ ತಲೆಯ ಮೇಲೆ ಹಸು ಕರು ಕೆತ್ತುವುದು ಮಾಮೂಲಿ ಗುರುತು. ಅಲ್ಲಿ ಯಾರೂ ಹೊಡೆದಾಡಿಲ್ಲ. ತುರುಗೋಳಿನ ದನ ಕೆಳಗಿರುತ್ತದೆ, ಕತ್ತಿ ಬಿಲ್ಲುಗಳ ನಡುವೆ. ಅವತ್ತಿನಿಂದ ದನ ಕಂಡ ಕೂಡಲೇ ಕುಣಿಯುವುದು ಬಿಟ್ಟೆ.

ಹಾಗಾಗಿ ಕೆಳಗಿನ ಅಂಕಣ ನೋಡಲೇಬೇಕಿತ್ತು. ಆದರೆ ಅಗೆಯುವ ಹಾಗಿಲ್ಲ. ಕಲ್ಲಿನ ಬುಡ ನೆಲದೊಳಗೆ ಹೂತಿರುತ್ತದೆ, ಅದು ಸಡಿಲವಾದರೆ ಇಡೀ ಕಲ್ಲು ವಾಲುತ್ತದೆ. ಮೇಲಾಗಿ ಹಾರೆ ಹಾಕಿ ಅಗೆಯುವುದು ಪುರಾತತ್ವ ಇಲಾಖೆಯವರ ಕೆಲಸ, ನಮ್ಮದಲ್ಲ. ಸಾಹುಕಾರರ ಒಪ್ಪಿಗೆ ಪಡೆದು, ಕಲ್ಲಿನ ಮುಂದೆ ಕೊಳೆತು ಗೊಬ್ಬರವಾಗಿದ್ದ ತರಗೆಲೆಯನ್ನೂ ಮೇಲಿಂದ ಹರಿದು ಬಂದಿದ್ದ ಸಡಿಲ ಮಣ್ಣನ್ನೂ ಕೈಯಲ್ಲೇ ಸರಿಸಿದೆವು. ಒಂದಡಿ ಚಿಲ್ಲರೆ ಸರಿಸುವಷ್ಟರಲ್ಲಿ ಅಂಕಣದ ಕೆಳಗಿನ ಅಂಚು ಕಂಡಿತು. ಮಣ್ಣು ಗಟ್ಟಿಯಾಯಿತು. ಅಲ್ಲಿಗೆ ನಿಲ್ಲಿಸಿದೆವು.

ನಾಲ್ಕು ದನ. ಒಂದರ ಬೆನ್ನ ಮೇಲೆ ಇನ್ನೊಂದು ಹತ್ತಿದ ಹಾಗೆ ಒತ್ತೊತ್ತಾಗಿ ಕೆತ್ತಿದ್ದಾನೆ. ಅವುಗಳ ಮುಂದೆ ಬಿಲ್ಲು ಎಳೆದು ನಿಂತ ವೀರ, ಸೊಂಟದಲ್ಲಿ ಕಿರುಗತ್ತಿ. ಎದುರಿಗೆ ಇಬ್ಬರು ಬಿಲ್ಲುಗಾರರು. ವೀರನ ತೊಡೆಗೆ ಒಂದು ಬಾಣ ನಾಟಿದೆ. ಕಾಲಡಿಯಲ್ಲಿ ಒಬ್ಬ ಬಿದ್ದಿದ್ದಾನೆ. ದನ ನಾಲ್ಕಿವೆ ಅಂತ ಮಂದೆಯಲ್ಲಿ ನಾಲ್ಕೇ ಇದ್ದವು ಅಂತಲ್ಲ. ಜಾಗ ಇದ್ದಷ್ಟು ಕೆತ್ತಿದ್ದಾನೆ, ಅಷ್ಟೇ. ದನದ ಮುಖ ಯಾವ ಕಡೆ ಇದೆ ಅನ್ನುವುದರ ಮೇಲೆ ಓಡಿಸಿಕೊಂಡು ಹೋದದ್ದೋ ತಿರುಗಿಸಿ ತಂದದ್ದೋ ಅಂತ ಹೇಳುವವರಿದ್ದಾರೆ. ನಾನು ಅದನ್ನು ಜಾಸ್ತಿ ನಂಬುವುದಿಲ್ಲ. ಆ ಪ್ರಶ್ನೆಗೆ ಅಕ್ಷರ ಉತ್ತರ ಹೇಳಬೇಕು.

ಅಕ್ಷರ ಇದ್ದದ್ದು ಅಂಕಣಗಳ ನಡುವಿನ ಎರಡು ಪಟ್ಟಿಗಳಲ್ಲಿ. ಮೊದಲು ಬರೀ ನೀರು ಮತ್ತು ಮೆತ್ತನೆ ಬ್ರಷ್. ತಂತಿ ಬ್ರಷ್ ಬೇಡ, ಆಸಿಡ್ ಅಂತೂ ಬೇಡವೇ ಬೇಡ. ಕಲ್ಲಿಗೆ ಅಂಟಿ ಕೂತ ಬಿಳಿ ಮಚ್ಚೆಗಳು ಬರದಿದ್ದರೆ ಬಿಟ್ಟುಬಿಡಿ, ಕೆರೆದರೆ ಕಲ್ಲಿನ ಮೈಯೇ ಕಿತ್ತು ಬರುತ್ತದೆ. ಸೀಮೆಸುಣ್ಣ ತಿಕ್ಕುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ನಾನೂ ಮಾಡಿದ್ದೇನೆ. ಅದರ ತೊಂದರೆ ಏನೆಂದರೆ, ನಾವು ಅಂದುಕೊಂಡ ಅಕ್ಷರದ ಗೆರೆಗೇ ಸುಣ್ಣ ಹಚ್ಚಿರುತ್ತೇವೆ. ಆಮೇಲೆ ಫೋಟೋದಲ್ಲಿ ಕಾಣುವುದು ಶಾಸನವಲ್ಲ, ನಮ್ಮ ಕೈಬರಹ.

ಒಳ್ಳೆಯ ದಾರಿ ಅಡ್ಡ ಬೆಳಕು. ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿಯಬಾರದು, ಪಕ್ಕದಿಂದ, ಕಲ್ಲಿಗೆ ಹೆಚ್ಚುಕಮ್ಮಿ ತಾಗಿಸಿ ಹಿಡಿಯಬೇಕು. ಆಗ ಅಕ್ಷರದ ಕುಳಿಯಲ್ಲಿ ನೆರಳು ತುಂಬುತ್ತದೆ. ಇದಕ್ಕೆ ಕತ್ತಲು ಬೇಕು. ಆದರೆ ಕತ್ತಲಾದ ಮೇಲೆ ನಮ್ಮ ತೋಟಗಳಲ್ಲಿ ಆನೆ ಬರುತ್ತದಲ್ಲ! ಅದಕ್ಕೆ ಹಗಲಲ್ಲೇ ಎರಡು ಕಪ್ಪು ಕಂಬಳಿ ಹೊದಿಸಿ, ಅದರೊಳಗೆ ನಾನು ಕೂತೆ. ರೈಟರ್ ಟಾರ್ಚ್ ಹಿಡಿದರು. ಕ್ಯಾಮೆರಾ ಸ್ಟ್ಯಾಂಡ್ ಅಲುಗಾಡಿಸದೆ ಎಡ, ಬಲ, ಮೇಲೆ, ಕೆಳಗೆ, ನಾಲ್ಕೂ ಕಡೆಯಿಂದ ಬೆಳಕು ಬಿಟ್ಟು ಒಂದೊಂದು ಫೋಟೋ. ಒಂದರಲ್ಲಿ ಗೆರೆಯಾಗಿ ಕಂಡದ್ದು ಉಳಿದ ಮೂರರಲ್ಲೂ ಅಲ್ಲೇ ಇದ್ದರೆ ಅದು ಉಳಿಯ ಗೆರೆ. ಒಂದರಲ್ಲಿ ಮಾತ್ರ ಕಂಡು ಮಾಯವಾದರೆ ಕಲ್ಲಿನ ಒರಟು ಅಂತಲೇ ನನ್ನ ಅನುಮಾನ, ಮತ್ತೆ ಟಾರ್ಚ್ ಹಿಡಿದು ನೋಡುತ್ತೇನೆ.

ಆಮೇಲೆ ಕಾಗದದ ಅಚ್ಚು. ಒದ್ದೆ ಮಾಡಿದ ಕಾಗದವನ್ನು ಪಟ್ಟಿಯ ಮೇಲೆ ಅಂಟಿಸಿ, ಬ್ರಷ್‌ನಿಂದ ಹದವಾಗಿ ಬಡಿಯಬೇಕು, ಕಾಗದ ಅಕ್ಷರದ ಕುಳಿಗೆ ಇಳಿಯುವ ಹಾಗೆ. ಅರೆ ಒಣಗಿದ ಮೇಲೆ ಬಟ್ಟೆ ಉಂಡೆಯಿಂದ ಮಸಿ ತಟ್ಟಿದರೆ ಮೈ ಕಪ್ಪಾಗಿ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಮಸಿ ನೀರಾದರೆ ಕಾಗದ ದಾಟಿ ಕಲ್ಲಿಗೇ ಇಳಿಯುತ್ತದೆ. ನಮ್ಮ ಮೊದಲ ಕಾಗದ ಅರ್ಧಕ್ಕೇ ಹರಿಯಿತು, ಎರಡನೆಯದು ಬಂತು.

ಮೇಲಿನ ಪಟ್ಟಿ ಹೆಚ್ಚು ಸವೆದಿದೆ. "ಸಂವತ್ಸರದ" ಅನ್ನುವುದು ಸಿಕ್ಕಿತು, ಅದರ ಹಿಂದಿನ ಹೆಸರು ಇಲ್ಲ. ಹೆಸರು ಸಿಕ್ಕಿದ್ದರೂ ಅದೇ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ, ಶಕವರ್ಷ ಇಲ್ಲದಿದ್ದರೆ ಯಾವ ಸುತ್ತಿನದು ಅಂತ ಗೊತ್ತಾಗುವುದು ಕಷ್ಟ. ಕೆಳಗಿನ ಪಟ್ಟಿಯಲ್ಲಿ ನನ್ನನ್ನು ಎರಡು ದಿನ ಕೂರಿಸಿದ ಜಾಗ ಇತ್ತು. "ತು", ಆಮೇಲೆ ಚಕ್ರದಂಥ ಒಂದು ಅಕ್ಷರ, ಆಮೇಲೆ "ಮ"ನೋ "ವ"ನೋ. ಹಳೇ ಲಿಪಿಯಲ್ಲಿ ಸವೆದ ಮ ಮತ್ತು ವ ಅಣ್ಣ ತಮ್ಮಂದಿರ ಹಾಗೆ. ಚಕ್ರದಂಥದ್ದು ಶಕಟರೇಫ, ಈಗ ನಾವು ಬಳಸದ "ಱ". ಅದು ಹೊಳೆದ ಕೂಡಲೇ ಉಳಿದದ್ದು ಬಿಚ್ಚಿಕೊಂಡಿತು: "ತುಱುವ". ದನವನ್ನು. ಮುಂದೆ "ಮಗುಳ್ಚಿ", ನಡುವೆ ಒಂದು ಚೂರು ಹಾರಿಹೋಗಿದೆ, ಆಮೇಲೆ "ಸತ್ತ".

ಎಲ್ಲಕ್ಕಿಂತ ಮುಖ್ಯ "ಮಗುಳ್ಚಿ" ಅನ್ನುವ ಒಂದು ಪದ. ಮಗುಳ್ಚು ಅಂದರೆ ತಿರುಗಿಸು. ದನವನ್ನು ಬಿಡಿಸಿ ಹಿಂದಕ್ಕೆ ತಂದವನು ಈತ. "ತುಱುಗೋಳೊಳ್ ಸತ್ತ" ಅಂತ ಮಾತ್ರ ಇದ್ದರೆ ದನ ಹೊಡೆಯಲು ಹೋದವನೋ ಕಾಯಲು ನಿಂತವನೋ ಹೇಳಲಾಗುತ್ತಿರಲಿಲ್ಲ. "ತುಱುವ ಕೊಂಡು" ಅಂತಿದ್ದರೆ ಕಥೆಯೇ ಬೇರೆ. ಬೊಂಬೆ ಹೇಳದ್ದನ್ನು ಒಂದು ಕ್ರಿಯಾಪದ ಹೇಳಿತು. ಹೆಸರಿನ ಜಾಗ ಮಾತ್ರ ಪೂರಾ ಉದುರಿದೆ. ನಾಲ್ಕು ಫೋಟೋ, ಒಂದು ಅಚ್ಚು, ಯಾವುದರಲ್ಲೂ ಇಲ್ಲ. ಊಹಿಸಿ ತುಂಬಿಸಲಿಲ್ಲ, ಚುಕ್ಕಿ ಹಾಕಿ ಬಿಟ್ಟೆ.

ಯಾರ ಕಾಲದ್ದು ಅಂತ ಎಲ್ಲರೂ ಕೇಳುತ್ತಾರೆ. ಅಕ್ಷರದ ದುಂಡು ನೋಡಿದರೆ ಹೊಯ್ಸಳರ ಕಾಲದ್ದು ಅನಿಸುತ್ತದೆ, 12-13ನೇ ಶತಮಾನ ಅಂತಷ್ಟೇ ಬರೆದುಕೊಂಡೆ. ನಮ್ಮ ಈ ಸೀಮೆ ಕೊಂಗಾಳ್ವರು, ಚೆಂಗಾಳ್ವರು, ಹೊಯ್ಸಳರು ಎಳೆದಾಡಿದ ಜಾಗ. 1174ರಲ್ಲಿ ಎರಡನೇ ಬಲ್ಲಾಳನ ದಂಡನಾಯಕ ಬೆಟ್ಟರಸ ಚೆಂಗಾಳ್ವರ ಮೇಲೆ ಬಂದು, ಪಾಲ್ಪರೆಯಲ್ಲಿ ಕೊಡಗರೊಂದಿಗೆ ಕಾದಾಡಿದ ಸಂಗತಿ ಶಾಸನದಲ್ಲಿದೆ. ಒಬ್ಬ ಸ್ನೇಹಿತ ಈ ಕಲ್ಲನ್ನೂ ಅದಕ್ಕೆ ಗಂಟು ಹಾಕಲು ನೋಡಿದ. ನಾನು ಒಪ್ಪಲಿಲ್ಲ. ಓದಿದ ಭಾಗದಲ್ಲಿ ರಾಜನ ಹೆಸರಿಲ್ಲ, ದಂಡನಾಯಕನಿಲ್ಲ. ಎದುರಿಗಿರುವುದು ಇಬ್ಬರು ಬಿಲ್ಲುಗಾರರು. ಪಕ್ಕದ ಊರಿನವರೇ ಮಂದೆ ಹೊಡೆದುಕೊಂಡು ಹೋಗಿದ್ದರೂ ಇಷ್ಟೇ ಕೆತ್ತುತ್ತಿದ್ದರು. ಹೊಲ ಗದ್ದೆಯನ್ನು ಹೊತ್ತೊಯ್ಯಲಾಗದು, ದನ ತಾನೇ ನಡೆದು ಬರುತ್ತದೆ ಅಲ್ವಾ?

ಪಟ್ಟಿಯ ಕೊನೆಯಲ್ಲಿ "ಕೊಡಗೆ" ಅಂತ ಇದೆ. ಅದರ ಹಿಂದೆ ಒಂದು ಅಂಕೆ, ಓದಲಾಗಲಿಲ್ಲ. ಕೊಡಗೆ ಅಂದರೆ ಸತ್ತವನ ಮನೆಗೆ ಬಿಟ್ಟುಕೊಟ್ಟ ಭೂಮಿ. ಕೆಲವು ಕಲ್ಲುಗಳಲ್ಲಿ ಅದನ್ನೇ ನೆತ್ತರುಗೊಡಗೆ ಅಂತ ಕರೆದಿದ್ದಾರೆ. ಬದುಕಿ ಬಂದ ವೀರನಿಗೂ ಕೊಡುತ್ತಿದ್ದರು, ಕತ್ತಿ ತೊಳೆದ ಉಡುಗೊರೆ ಅಂತ ಅದಕ್ಕೆ ಬಾಳ್ಗಚ್ಚು ಅನ್ನುವ ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿನಲ್ಲಿ ಗಂಗ ದೊರೆ ಬೂತುಗ ತನ್ನ ವೀರ ಮಣಲೇರನಿಗೆ ಕೊಟ್ಟದ್ದು ಹಾಗೆಯೇ. ಅದೇ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ನಾಯಿಯೂ ಇದೆ. ನಮ್ಮ ತೋಟದ ಕಲ್ಲಿನಲ್ಲಿ ಈ ಒಂದು ಪದ ಉಳಿದದ್ದರಿಂದ ಇದು ಬರೀ ಮನೆಯವರ ಅಳಲಲ್ಲ ಅಂತ ಗೊತ್ತಾಯಿತು. ಭೂಮಿ ಕೊಡುವ ಅಧಿಕಾರ ಇದ್ದವರು ಆತನ ಸಾವನ್ನು ಒಪ್ಪಿಕೊಂಡು ಬರೆಸಿದ್ದಾರೆ. ಕಲ್ಲು ಆ ಮನೆಯವರ ಪಾಲಿಗೆ ಪತ್ರವೂ ಆಗಿತ್ತು.

ತರಗೆಲೆಯನ್ನು ವಾಪಸ್ ಹರಡಿ ಬಂದೆವು. ಸಾಹುಕಾರರಿಗೆ ಬಣ್ಣ ಹೊಡೆಸಬೇಡಿ, ಎಣ್ಣೆ ಸುರಿಯಬೇಡಿ ಅಂತ ಹೇಳಿದ್ದೆ. ಅವರು ಮಾತು ಉಳಿಸಿಕೊಂಡರು, ಬಣ್ಣ ಹೊಡೆಸಲಿಲ್ಲ. ಮಾರನೇ ವರ್ಷ ಹೋದಾಗ ರೈಟರ್ ಖುಷಿಯಿಂದ ಕರೆದೊಯ್ದು ತೋರಿಸಿದರು: "ನೋಡಿ ಸಾರ್, ಕಲ್ಲು ವಾಲಬಾರದು ಅಂತ ಸುತ್ತ ಕಟ್ಟೆ ಕಟ್ಟಿಸಿದೀವಿ." ಒಂದೂವರೆ ಅಡಿ ಸಿಮೆಂಟ್ ಕಟ್ಟೆ. ತಪ್ಪು ನನ್ನದೇ, ಅದನ್ನು ಹೇಳಿರಲಿಲ್ಲ. ಅಪ್ಸರೆಯರು, ಲಿಂಗ, ಅಕ್ಷರದ ಎರಡು ಪಟ್ಟಿ ಎಲ್ಲ ಮೇಲಿವೆ. ನಾಲ್ಕು ದನ, ಬಿಲ್ಲುಗಾರರು, ತೊಡೆಯ ಬಾಣ ಕಟ್ಟೆಯೊಳಗೆ ಹೋಗಿವೆ. ಆ ಅಂಕಣದ ಫೋಟೋಗಳ ಎರಡು ಪ್ರತಿ ತೆಗೆಸಿ, ಒಂದನ್ನು ತೋಟದ ಆಫೀಸಿನಲ್ಲಿ ಕೊಟ್ಟು ಬಂದೆ.